ತಿಂಗಳ ಇಂಜೆಕ್ಷನ್: ಯಾವುದನ್ನು ಆರಿಸಬೇಕು, ಯಾವಾಗ ಬದಲಿಸಬೇಕು?





ಸ್ಕಿಜೋಫ್ರೇನಿಯಾ, ಅಂದರೆ ಚಿತ್ತವಿಕಲತೆ ಎಂಬ ಕಾಯಿಲೆಗೆ ದಿನವೂ ನುಂಗುವ ಮಾತ್ರೆಗಳಿರುವಂತೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಚುಚ್ಚುವ ಇಂಜೆಕ್ಷನ್‌ಗಳೂ ಇವೆ. ಇವಕ್ಕೆ ವೈದ್ಯರು ಡಿಪೋ ಇಂಜೆಕ್ಷನ್ ಎನ್ನುತ್ತಾರೆ. ನಮ್ಮ ಹೊರರೋಗಿ ವಿಭಾಗದಲ್ಲಿ ಇದನ್ನು ಪಡೆಯುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ಇಷ್ಟೊಂದು ಹೆಸರುಗಳಲ್ಲಿ ನಮಗೆ ಯಾವುದು ಸರಿ? ಎರಡು, ಈಗ ಹಾಕಿಸುತ್ತಿರುವುದನ್ನು ಬಿಟ್ಟು ಹೊಸದಕ್ಕೆ ಹೋಗಬಹುದೇ? ಈ ಎರಡನ್ನು ಮಾತ್ರ ಇಲ್ಲಿ ವಿವರಿಸಲಾಗಿದೆ. ನಡುವೆ ಕೊಟ್ಟಿರುವ ಕೋಷ್ಟಕವನ್ನು ಹಳ್ಳಿಯ ಆರೋಗ್ಯ ಕೇಂದ್ರದ ಸಿಸ್ಟರ್‌ಗಳೂ ಆಶಾ ಕಾರ್ಯಕರ್ತೆಯರೂ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಬಹುದು.

ಇಂಜೆಕ್ಷನ್ ಮೈಯಲ್ಲಿ ಏನು ಮಾಡುತ್ತದೆ

ಜ್ವರಕ್ಕೆ ಹಾಕುವ ಇಂಜೆಕ್ಷನ್ ಗಂಟೆಗಳಲ್ಲಿ ಕರಗಿ ಹೋಗುತ್ತದೆ. ಇದು ಹಾಗಲ್ಲ. ಹಳೆಯ ಕಾಲದ ಡಿಪೋಗಳಲ್ಲಿ ಔಷಧವನ್ನು ಎಣ್ಣೆಯಲ್ಲಿ ಬೆರೆಸಿರುತ್ತಾರೆ. ಫ್ಲೂಫೆನಜಿನ್ ಡೆಕನೋಯೇಟ್ ಮತ್ತು ಹ್ಯಾಲೋಪೆರಿಡಾಲ್ ಡೆಕನೋಯೇಟ್ ಇರುವುದು ಎಳ್ಳೆಣ್ಣೆಯಲ್ಲಿ. ಸ್ನಾಯುವಿನ ಒಳಗೆ ಕುಳಿತ ಆ ಎಣ್ಣೆಯ ಹನಿಯಿಂದ ಔಷಧ ದಿನವೂ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತದೆ. ಹೊಸ ಬಗೆಯ ಪಾಲಿಪೆರಿಡೋನ್ ಪಾಮಿಟೇಟ್‌ನಲ್ಲಿ ಎಣ್ಣೆಯಿಲ್ಲ. ನೀರಿನಲ್ಲಿ ಕರಗದ ಅತಿ ಸಣ್ಣ ಹರಳುಗಳು ಸ್ನಾಯುವಿನಲ್ಲಿ ಉಳಿದು ನಿಧಾನವಾಗಿ ಕರಗುತ್ತವೆ.

ಈ ಒಂದು ಸಂಗತಿಯಿಂದಲೇ ಉಳಿದದ್ದೆಲ್ಲ ಅರ್ಥವಾಗುತ್ತದೆ. ಹಾಕಿಸಿದ ಕೂಡಲೇ ಪೂರ್ಣ ಫಲ ಕಾಣುವುದಿಲ್ಲ. ಮೈಯಲ್ಲಿ ಔಷಧದ ಮಟ್ಟ ಒಂದು ಸಮಕ್ಕೆ ನಿಲ್ಲಲು ಎರಡರಿಂದ ನಾಲ್ಕು ತಿಂಗಳು ಬೇಕು. ಹಾಗೆಯೇ ಬಿಟ್ಟ ಕೂಡಲೇ ಕಾಯಿಲೆ ಮರಳುವುದೂ ಇಲ್ಲ. ಇಂಜೆಕ್ಷನ್ ನಿಲ್ಲಿಸಿದವರು ಮೊದಲ ತಿಂಗಳು ಚೆನ್ನಾಗಿಯೇ ಇರುತ್ತಾರೆ. "ಔಷಧವಿಲ್ಲದೆಯೂ ಆರಾಮ ಅದಾನ" ಎಂದು ಮನೆಯವರಿಗೆ ಧೈರ್ಯ ಬರುತ್ತದೆ. ಆದರೆ ಆ ಆರಾಮ ಹಳೆಯ ಎಣ್ಣೆಯ ಉಳಿಕೆಯಿಂದ ಬಂದದ್ದು. ಅದು ಖಾಲಿಯಾದ ಮೇಲೆ, ಮೂರನೆಯ ಅಥವಾ ನಾಲ್ಕನೆಯ ತಿಂಗಳಲ್ಲಿ ನಿದ್ದೆ ಕೆಡುತ್ತದೆ, ಆಮೇಲೆ ಅನುಮಾನ, ಆಮೇಲೆ ಧ್ವನಿಗಳು. ಅಷ್ಟರಲ್ಲಿ ಇಂಜೆಕ್ಷನ್ ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂಬುದೇ ಮರೆತುಹೋಗಿರುತ್ತದೆ.

ಹಾಕಿಸಿಕೊಂಡ ಜಾಗವನ್ನು ಉಜ್ಜಬಾರದು, ಎಣ್ಣೆ ಹಚ್ಚಿ ತಿಕ್ಕಬಾರದು. ತಿಕ್ಕಿದರೆ ನಿಧಾನವಾಗಿ ಇಳಿಯಬೇಕಾದ ಔಷಧ ಒಮ್ಮೆಲೇ ಹೆಚ್ಚಾಗಿ ಇಳಿಯಬಹುದು. ಸಿಸ್ಟರ್‌ಗಳಿಗೆ ಒಂದು ಮಾತು: ಫ್ಲೂಫೆನಜಿನ್‌ಗೆ ಸಿರಿಂಜ್ ಮತ್ತು ಸೂಜಿ ಪೂರಾ ಒಣಗಿರಬೇಕು. ನೀರಿನ ಪಸೆ ತಾಗಿದರೆ ಔಷಧ ಮಸುಕಾಗುತ್ತದೆ. ಚರ್ಮವನ್ನು ಪಕ್ಕಕ್ಕೆ ಎಳೆದು ಹಿಡಿದು, ಆಳವಾಗಿ ಚುಚ್ಚಿ, ಸೂಜಿ ತೆಗೆದ ಮೇಲೆಯೇ ಚರ್ಮ ಬಿಡಿ. ಆಗ ಎಣ್ಣೆ ಹೊರಗೆ ಸೋರುವುದಿಲ್ಲ.

ಹಳೆಯದೋ ಹೊಸದೋ?

"ಹುಬ್ಬಳ್ಳ್ಯಾಗ ದುಡ್ಡಿನವರಿಗೆ ಹೊಸ ಇಂಜೆಕ್ಷನ್ ಕೊಡ್ತಾರ್ರೀ, ನಮಗ್ಯಾಕ ಹಳೇದು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನೂ ನೇರವಾಗಿ ಹೇಳಬೇಕು. ಅಮೆರಿಕದಲ್ಲಿ 311 ರೋಗಿಗಳ ಮೇಲೆ ಹಳೆಯ ಹ್ಯಾಲೋಪೆರಿಡಾಲ್ ಡೆಕನೋಯೇಟ್ ಮತ್ತು ಹೊಸ ಪಾಲಿಪೆರಿಡೋನ್ ಪಾಮಿಟೇಟ್‌ಗಳನ್ನು ಹೋಲಿಸಿ ನೋಡಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಅಡ್ಡಪರಿಣಾಮಗಳಲ್ಲಿ. ಹೊಸದರಲ್ಲಿ ತೂಕ ಏರಿತು, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹೆಚ್ಚಾಯಿತು. ಹಳೆಯದರಲ್ಲಿ ಕುಳಿತಲ್ಲಿ ಕೂರಲಾಗದ ಚಡಪಡಿಕೆ ಹೆಚ್ಚಿತ್ತು.

ಆದ್ದರಿಂದ ಹಳೆಯದು ಅಗ್ಗ ಎಂಬ ಕಾರಣಕ್ಕೆ ಅದು ಕೆಳದರ್ಜೆಯದಲ್ಲ. ಹಳೆಯ ಇಂಜೆಕ್ಷನ್‌ನಲ್ಲಿ ಐದು ವರ್ಷ ನೆಮ್ಮದಿಯಿಂದ ಇದ್ದು, ಕೈ ನಡುಗದೆ, ಹೊಲದ ಕೆಲಸ ಮಾಡಿಕೊಂಡಿರುವವರನ್ನು ಹೊಸದಕ್ಕೆ ಬದಲಿಸಲು ನಾವು ಸಲಹೆ ಕೊಡುವುದಿಲ್ಲ. ಹೊಸದು ಹಲವು ಪಟ್ಟು ದುಬಾರಿ. ಎರಡು ತಿಂಗಳು ಹಾಕಿಸಿ ಮೂರನೆಯ ತಿಂಗಳು ಹಣವಿಲ್ಲದೆ ಬಿಡುವುದಕ್ಕಿಂತ, ತಪ್ಪದೆ ಸಿಗುವ ಹಳೆಯದೇ ಲೇಸು. ದಾಸೋಹ ನಿಧಿಯಿಂದ ಔಷಧ ಪಡೆಯುವವರು ಬದಲಾವಣೆಗೆ ಒಪ್ಪುವ ಮೊದಲು ಇದನ್ನು ಕೇಳಿಯೇ ಒಪ್ಪಬೇಕು: "ಈ ಔಷಧ ಮುಂದಿನ ವರ್ಷವೂ ಇಲ್ಲಿ ಸಿಗುತ್ತದೆಯೇ?"

ಹಾಗಾದರೆ ಹೊಸದು ಯಾರಿಗೆ? ಹಳೆಯದರಿಂದ ಮೈ ಬಿಗಿತ, ನಡುಕ, ಚಡಪಡಿಕೆ ತಾಳಲಾಗದವರಿಗೆ. ಬಾಯಿ-ನಾಲಿಗೆಗಳ ತಾನಾಗಿಯೇ ಆಗುವ ಚಲನೆ ಶುರುವಾದವರಿಗೆ. ಮಾತ್ರೆಯಾಗಿ ರಿಸ್ಪೆರಿಡೋನ್ ತೆಗೆದುಕೊಂಡು ಚೆನ್ನಾಗಿದ್ದು, ಮಾತ್ರೆ ಮರೆಯುವುದೊಂದೇ ತೊಂದರೆಯಾಗಿರುವವರಿಗೆ. ಆದರೆ ಸಕ್ಕರೆ ಕಾಯಿಲೆ ಇದ್ದವರು, ತೂಕ ಬೇಗ ಏರುವವರು, ಮೂತ್ರಪಿಂಡದ ತೊಂದರೆ ಇದ್ದವರು ಯೋಚಿಸಿ ಹೆಜ್ಜೆ ಇಡಬೇಕು. ಪಾಲಿಪೆರಿಡೋನ್ ಹೆಚ್ಚಾಗಿ ಹೊರಹೋಗುವುದು ಮೂತ್ರಪಿಂಡದ ಮೂಲಕ. ಅದು ದುರ್ಬಲವಾಗಿದ್ದರೆ ಔಷಧ ಮೈಯಲ್ಲೇ ಉಳಿಯುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ರಿಸ್ಪೆರಿಡೋನ್, ಪಾಲಿಪೆರಿಡೋನ್ ಹಾಗೂ ಹಳೆಯ ಡಿಪೋಗಳಿಂದಲೂ ಮುಟ್ಟು ನಿಲ್ಲಬಹುದು, ಎದೆಯಲ್ಲಿ ಹಾಲು ಜಿನುಗಬಹುದು. ಇದನ್ನು ಕಂಡು ಮನೆಯಲ್ಲಿ ಮಗಳ ಮೇಲೆ ಸಂಶಯಪಟ್ಟು ಜಗಳವಾದ ಉದಾಹರಣೆಗಳಿವೆ. ಕಾರಣ ಔಷಧವಿರಬಹುದು. ನಮ್ಮಲ್ಲಿ ಬಂದು ಹೇಳಿ, ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಬೇರೆ ಔಷಧಕ್ಕೆ ಬದಲಿಸಿದ ಮೇಲೆ ಮುಟ್ಟು ಮರಳಿದರೆ ಗರ್ಭ ನಿಲ್ಲುವ ಸಾಧ್ಯತೆಯೂ ಮರಳುತ್ತದೆ ಎಂಬುದು ಮದುವೆಯಾದವರಿಗೆ ಗೊತ್ತಿರಲಿ.

ಹೋಲಿಕೆಯ ಕೋಷ್ಟಕ

ಇಲ್ಲಿರುವ ಪ್ರಮಾಣಗಳು ವಯಸ್ಕರಿಗೆ ಸಾಮಾನ್ಯವಾಗಿ ಬಳಸುವವು. ನಿಮ್ಮದನ್ನು ನಿಮ್ಮ ವೈದ್ಯರೇ ನಿರ್ಧರಿಸುತ್ತಾರೆ.

| ಔಷಧ | ಎಷ್ಟು ದಿನಕ್ಕೊಮ್ಮೆ, ಎಷ್ಟು | ಶುರು ಮಾಡುವ ಬಗೆ | ಮೊದಮೊದಲು ಮಾತ್ರೆ ಜೊತೆಗೆ ಬೇಕೇ? | ಮುಖ್ಯವಾಗಿ ಗಮನಿಸಬೇಕಾದದ್ದು |
|---|---|---|---|---|
| ಫ್ಲೂಫೆನಜಿನ್ ಡೆಕನೋಯೇಟ್ | 2ರಿಂದ 4 ವಾರಕ್ಕೆ, 12.5–25 ಮಿ.ಗ್ರಾಂ, ಕೆಲವರಿಗೆ ಹೆಚ್ಚು | ಮೊದಲು 12.5 ಮಿ.ಗ್ರಾಂ ಪರೀಕ್ಷೆಗೆ | ಕೆಲವು ವಾರ ಬೇಕು, ನಿಧಾನವಾಗಿ ಇಳಿಸುವುದು | ಮೊದಲ ದಿನಗಳಲ್ಲೇ ಬಿಗಿತ, ಕತ್ತು ತಿರುಚುವಿಕೆ |
| ಫ್ಲೂಪೆಂಥಿಕ್ಸಾಲ್ ಡೆಕನೋಯೇಟ್ | 2ರಿಂದ 4 ವಾರಕ್ಕೆ, 20–40 ಮಿ.ಗ್ರಾಂ | ಮೊದಲು 20 ಮಿ.ಗ್ರಾಂ ಪರೀಕ್ಷೆಗೆ | ಕೆಲವು ವಾರ ಬೇಕು | ಬಿಗಿತ, ಚಡಪಡಿಕೆ. ಒಂದು ವಾರದ ಹೊತ್ತಿಗೆ ಹೆಚ್ಚು |
| ಹ್ಯಾಲೋಪೆರಿಡಾಲ್ ಡೆಕನೋಯೇಟ್ | 4 ವಾರಕ್ಕೆ. ದಿನದ ಮಾತ್ರೆಯ 10–15 ಪಟ್ಟು | ಮೊದಲ ಸಲ 100 ಮಿ.ಗ್ರಾಂ ಮೀರಬಾರದು | ಕೆಲವು ವಾರ ಬೇಕು | ಬಿಗಿತ, ಚಡಪಡಿಕೆ, ಹೃದ್ರೋಗವಿದ್ದರೆ ಇ.ಸಿ.ಜಿ. |
| ರಿಸ್ಪೆರಿಡೋನ್ ಮೈಕ್ರೋಸ್ಫಿಯರ್ | 2 ವಾರಕ್ಕೆ, 25, 37.5 ಅಥವಾ 50 ಮಿ.ಗ್ರಾಂ | 25 ಮಿ.ಗ್ರಾಂನಿಂದ | ಹೌದು, 3 ವಾರ ತಪ್ಪದೆ | ಫ್ರಿಜ್‌ನಲ್ಲಿ ಇಡಬೇಕು. ತೂಕ, ಮುಟ್ಟು |
| ಪಾಲಿಪೆರಿಡೋನ್ ಪಾಮಿಟೇಟ್ (ತಿಂಗಳಿನದು) | ತಿಂಗಳಿಗೆ, 50–150 ಮಿ.ಗ್ರಾಂ, ಹೆಚ್ಚಿನವರಿಗೆ 75 ಅಥವಾ 100 | ಮಾತ್ರೆಯಿಂದ ಬರುವವರಿಗೆ 1ನೇ ದಿನ 150, 8ನೇ ದಿನ 100, ಎರಡೂ ತೋಳಿಗೆ | ಬೇಡ | ಮೂತ್ರಪಿಂಡದ ಪರೀಕ್ಷೆ ಮೊದಲು. ತೂಕ, ಮುಟ್ಟು |
| ಒಲಾಂಜಪಿನ್ ಪಾಮೋಯೇಟ್ | 2 ಅಥವಾ 4 ವಾರಕ್ಕೆ | ದಿನದ ಮಾತ್ರೆಗೆ ತಕ್ಕಂತೆ | ಬೇಡ | ಪ್ರತಿ ಸಲವೂ 3 ಗಂಟೆ ಆಸ್ಪತ್ರೆಯಲ್ಲೇ ಇರಬೇಕು. ತೂಕ, ಸಕ್ಕರೆ |

ಕೋಷ್ಟಕದ ಮೂರು ಮನೆಗಳ ಬಗ್ಗೆ ಬಿಡಿಸಿ ಹೇಳಬೇಕಾಗಿದೆ.

ರಿಸ್ಪೆರಿಡೋನ್ ಮೈಕ್ರೋಸ್ಫಿಯರ್ ಹಾಕಿದ ಮೊದಲ ಮೂರು ವಾರ ಮೈಗೆ ಔಷಧವೇ ಸರಿಯಾಗಿ ಇಳಿಯುವುದಿಲ್ಲ. ಸಣ್ಣ ಗುಂಡುಗಳ ಹೊರಪದರ ಕರಗಲು ಅಷ್ಟು ದಿನ ಬೇಕು. ಇಂಜೆಕ್ಷನ್ ಆಯಿತಲ್ಲ ಎಂದು ಅಂದೇ ಮಾತ್ರೆ ನಿಲ್ಲಿಸಿದವರು ಮೂರನೆಯ ವಾರದಲ್ಲಿ ಕಾಯಿಲೆ ಹೆಚ್ಚಾಗಿ ಬರುತ್ತಾರೆ. "ಇಂಜೆಕ್ಷನ್ ಹತ್ತಲಿಲ್ಲ" ಎಂಬ ದೂರು ಬಂದಾಗ ಮೊದಲು ಕೇಳಬೇಕಾದದ್ದು ಮಾತ್ರೆ ಎಂದು ನಿಲ್ಲಿಸಿದಿರಿ ಎಂಬುದನ್ನೇ.

ಒಲಾಂಜಪಿನ್ ಪಾಮೋಯೇಟ್ ಎದುರಿನ ಮೂರು ಗಂಟೆಯ ನಿಯಮಕ್ಕೆ ಕಾರಣವಿದೆ. ಅಪರೂಪಕ್ಕೆ ಔಷಧ ನೇರವಾಗಿ ರಕ್ತಕ್ಕೆ ಸೇರಿ, ರೋಗಿ ಅಮಲೇರಿದವರಂತೆ ತೊದಲಿ, ಗೊಂದಲಗೊಂಡು, ಎಚ್ಚರ ತಪ್ಪಬಹುದು. ಇದು ಯಾವ ಸಲದ ಇಂಜೆಕ್ಷನ್‌ಗಾದರೂ ಆಗಬಹುದು, ಹತ್ತು ಸಲ ಏನೂ ಆಗದೆ ಹನ್ನೊಂದನೆಯ ಸಲವೂ ಆಗಬಹುದು. ಆದ್ದರಿಂದ ಹಳ್ಳಿಯ ಶಿಬಿರಗಳಲ್ಲಿ, ಕೊನೆಯ ಬಸ್ಸಿಗೆ ಹೊರಡುವ ಅವಸರದಲ್ಲಿ ಇದನ್ನು ಹಾಕುವಂತಿಲ್ಲ.

ಪಾಲಿಪೆರಿಡೋನ್ ಪೆಟ್ಟಿಗೆಯ ಮೇಲಿನ ಅಂಕಿಯಲ್ಲಿ ಒಂದು ತೊಡಕಿದೆ. ಅದೇ ಔಷಧವನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕುತ್ತಾರೆ. ಒಂದು ಲೆಕ್ಕದಲ್ಲಿ 100 ಎಂದಿರುವುದು ಇನ್ನೊಂದರಲ್ಲಿ 156, 150 ಎಂದಿರುವುದು 234. ಬೇರೆ ಊರಿನಿಂದ ಚೀಟಿ ತಂದವರು ಖಾಲಿ ಪೆಟ್ಟಿಗೆಯನ್ನೂ ತನ್ನಿ. 156 ಎಂದು ಬರೆದ ಚೀಟಿ ನೋಡಿ 150 ಎಂದಿರುವ ಪೆಟ್ಟಿಗೆ ಕೊಟ್ಟರೆ ಒಂದೂವರೆ ಪಟ್ಟು ಔಷಧ ಹೋದಂತಾಗುತ್ತದೆ.

ಬದಲಿಸುವ ಮುನ್ನ: ಇದು ಕಾಯಿಲೆಯೋ ಔಷಧವೋ?

ಇಂಜೆಕ್ಷನ್ ಬದಲಿಸಲು ಕೇಳಿಕೊಂಡು ಬರುವವರಲ್ಲಿ ಕೆಲವರ ತೊಂದರೆ ನಿಜಕ್ಕೂ ಔಷಧದ ಆಯ್ಕೆಯದಲ್ಲ, ಪ್ರಮಾಣದ್ದು. ಇದನ್ನು ಗುರುತಿಸುವುದು ಮನೆಯವರಿಂದಲೇ ಸಾಧ್ಯ.

ಚಡಪಡಿಕೆಯನ್ನು ತೆಗೆದುಕೊಳ್ಳಿ. ರೋಗಿ ಕೂತಲ್ಲಿ ಕೂರುವುದಿಲ್ಲ, ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾರೆ, ನಿಂತರೆ ಕಾಲು ಬದಲಿಸುತ್ತಾರೆ. ಕಾಯಿಲೆ ಹೆಚ್ಚಾಯಿತೆಂದು ಮನೆಯವರು ಕರೆತರುತ್ತಾರೆ. ವಿಚಾರಿಸದೆ ಔಷಧ ಏರಿಸಿದರೆ ಚಡಪಡಿಕೆ ಇನ್ನೂ ಹೆಚ್ಚುತ್ತದೆ, ಮತ್ತೆ ಏರಿಸುತ್ತಾರೆ. ಈ ಸುಳಿಯಲ್ಲಿ ಸಿಕ್ಕವರು ಜೀವ ಬೇಸರಗೊಂಡು ಅಪಾಯ ಮಾಡಿಕೊಳ್ಳುವ ಸಾಧ್ಯತೆಯೂ ಇದೆ. ಹಾಗಾಗಿ ರೋಗಿಯನ್ನೇ ಕೇಳಿ: "ಹೆದರಿಕೆಯಿಂದ ಓಡಾಡ್ತೀಯೋ, ಕಾಲೇ ಸುಮ್ಮನೆ ಇರಗೊಡುವುದಿಲ್ಲವೋ?" ಕಾಲೇ ಇರಗೊಡುವುದಿಲ್ಲ, ನಡೆದರೆ ಹಗುರಾಗುತ್ತದೆ ಎಂದರೆ ಅದು ಹೆಚ್ಚಾಗಿ ಔಷಧದ ಕೆಲಸ. ಇಂಜೆಕ್ಷನ್ ಆದ ಎಷ್ಟನೆಯ ದಿನ ಹೆಚ್ಚು, ಎಷ್ಟನೆಯ ದಿನ ಕಡಿಮೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತನ್ನಿ. ಇಂಜೆಕ್ಷನ್‌ನ ಬೆನ್ನಿಗೇ ಏರಿ ಮುಂದಿನ ತಾರೀಖು ಹತ್ತಿರವಾದಂತೆ ಇಳಿಯುವುದು ಔಷಧ. ತಾರೀಖು ಹತ್ತಿರವಾದಂತೆ ಏರುವುದು ಕಾಯಿಲೆ ಇರಬಹುದು. ಆಗ ಅಂತರ ಕಡಿಮೆ ಮಾಡಬೇಕಾಗುತ್ತದೆ.

ಮೊದಲ ಇಂಜೆಕ್ಷನ್ ಆದ ಒಂದೆರಡು ದಿನಗಳಲ್ಲಿ ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ನಿಲ್ಲುವುದು, ಕತ್ತು ಒಂದು ಕಡೆ ತಿರುಚುವುದು, ನಾಲಿಗೆ ಹೊರಚಾಚುವುದು ಕೆಲವರಿಗೆ, ಅದರಲ್ಲೂ ಹರೆಯದ ಗಂಡುಮಕ್ಕಳಿಗೆ ಆಗುತ್ತದೆ. ದೇವರು ಬಂತೆಂದೋ ಗಾಳಿ ಸೋಂಕಿತೆಂದೋ ಬೇರೆ ಕಡೆ ಕರೆದೊಯ್ಯಬೇಡಿ. ಪ್ರೊಮೆಥಜಿನ್ ಇಂಜೆಕ್ಷನ್ ಒಂದರಿಂದ ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಬಿಡುತ್ತದೆ. ಅದು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ.

ಆದರೆ ತೀವ್ರ ಜ್ವರ, ಕಟ್ಟಿಗೆಯಂತೆ ಬಿಗಿದ ಮೈ, ಬೆವರು, ಗೊಂದಲ, ಇವು ಒಟ್ಟಿಗೆ ಬಂದರೆ ಅದು ಬೇರೆ. ಅಪರೂಪ, ಆದರೆ ಪ್ರಾಣಾಪಾಯ. ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೋಗಿ, ಯಾವ ಇಂಜೆಕ್ಷನ್ ಎಂದು ಹಾಕಿಸಿದ್ದೆಂದು ಮೊದಲ ಮಾತಿಗೇ ಹೇಳಿ.

ಒಂದು ಉದಾಹರಣೆ

ಹಾವೇರಿ ಕಡೆಯ ಒಬ್ಬ ರೈತರನ್ನು ಊಹಿಸಿಕೊಳ್ಳಿ. ವಯಸ್ಸು 36, ತೂಕ 58 ಕಿಲೋ. ಮಾತ್ರೆ ಬಿಟ್ಟು ಎರಡು ಸಲ ಆಸ್ಪತ್ರೆ ಸೇರಿದ ಮೇಲೆ ಐದು ವರ್ಷದಿಂದ ಮೂರು ವಾರಕ್ಕೊಮ್ಮೆ ಫ್ಲೂಫೆನಜಿನ್ 25 ಮಿ.ಗ್ರಾಂ. ಜೊತೆಗೆ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ ದಿನಕ್ಕೆ ಎರಡು. ಧ್ವನಿಗಳು ಪೂರ್ತಿ ನಿಂತಿವೆ. ಈಗಿನ ತೊಂದರೆ ಎಂದರೆ ಚಹಾದ ಬಸಿ ಹಿಡಿಯಲಾಗದಷ್ಟು ಕೈನಡುಕ, ಎಮ್ಮೆ ಹಿಂಡಲು ಬೆರಳು ಬರುವುದಿಲ್ಲ. ಇಂಜೆಕ್ಷನ್ ಆದ ಎರಡು ಮೂರು ದಿನ ಅತಿ ಹೆಚ್ಚು, ಮೂರನೆಯ ವಾರ ಕಡಿಮೆ.

ಇಲ್ಲಿ ತಕ್ಷಣ ಔಷಧ ಬದಲಿಸುವುದಿಲ್ಲ. ಕಾಯಿಲೆ ಹಿಡಿತದಲ್ಲಿರುವುದರಿಂದ ಮೊದಲ ಹೆಜ್ಜೆ ಅಂತರ ಹೆಚ್ಚಿಸುವುದು. ಅದೇ 25 ಮಿ.ಗ್ರಾಂ ನಾಲ್ಕು ವಾರಕ್ಕೊಮ್ಮೆ. ಇಷ್ಟರಿಂದಲೇ ತಿಂಗಳ ಔಷಧ ಕಾಲು ಭಾಗ ಕಡಿಮೆಯಾಗುತ್ತದೆ. ಮಟ್ಟ ನಿಧಾನವಾಗಿ ಇಳಿಯುವುದರಿಂದ ಫಲ ನೋಡಲು ಮೂರು ತಿಂಗಳು ಕಾಯಬೇಕು. ಒಂದೇ ತಿಂಗಳಿಗೆ "ಏನೂ ಆಗಲಿಲ್ಲ" ಎಂದು ಇನ್ನೊಂದು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಮೂರು ತಿಂಗಳಾದ ಮೇಲೆ ಕೈ ತುಸು ಹಗುರಾಗಿದೆ. ಆದರೆ ಹೆಂಡತಿ ಇನ್ನೊಂದು ಮಾತು ಹೇಳುತ್ತಾರೆ. "ಸಿಸ್ಟರ್, ಇವರು ಬಾಯಾಗ ಏನೂ ಇಲ್ಲದ ಎಲಿ-ಅಡಕಿ ಅಗದಂಗ ಮಾಡ್ತಾರ್ರೀ." ಬಾಯಿ ತೊಳೆಸಿ, ಕುರ್ಚಿಯಲ್ಲಿ ಕೂಡಿಸಿ, ಬೆರಳು ಮಡಿಸಿ ಎಣಿಸಲು ಹೇಳಿ ನೋಡಿದರೆ ನಾಲಿಗೆಯೂ ತುಟಿಯೂ ತಾವಾಗಿಯೇ ಅಲುಗುತ್ತಿವೆ. (ನಮ್ಮ ಕಡೆ ಎಲೆ, ಗುಟ್ಕಾ ಬಾಯಲ್ಲಿರುವುದರಿಂದ ಇದು ಎಷ್ಟೋ ಸಲ ಕಣ್ಣು ತಪ್ಪಿಸುತ್ತದೆ. ಬಾಯಿ ತೊಳೆಸದೆ ನೋಡಿದ್ದು ನೋಡಿದಂತಲ್ಲ.) ಇದಕ್ಕೆ ಟಾರ್ಡಿವ್ ಡಿಸ್ಕೈನೇಸಿಯಾ ಎನ್ನುತ್ತಾರೆ. ವರ್ಷಗಟ್ಟಲೆ ಔಷಧ ಪಡೆದವರಲ್ಲಿ ಬರುವ ಇದು ಬೇಗ ಗುರುತಿಸದಿದ್ದರೆ ಶಾಶ್ವತವಾಗಿ ಉಳಿಯಬಹುದು. ನಡುಕದ ಮಾತ್ರೆ ಇದಕ್ಕೆ ಉಪಯೋಗವಿಲ್ಲ, ಕೆಲವರಲ್ಲಿ ಹೆಚ್ಚಿಸಲೂಬಹುದು. ಈಗ ಔಷಧ ಬದಲಿಸಲು ನಿಜವಾದ ಕಾರಣ ಸಿಕ್ಕಿತು.

ರಕ್ತದ ಕ್ರಿಯಾಟಿನಿನ್ 0.9. ವಯಸ್ಸು, ತೂಕ ಸೇರಿಸಿ ಲೆಕ್ಕ ಹಾಕಿದರೆ ಮೂತ್ರಪಿಂಡದ ಶಕ್ತಿ ಸುಮಾರು 93 ಬರುತ್ತದೆ. ಇದು 80ಕ್ಕಿಂತ ಮೇಲಿದ್ದರೆ ಪಾಲಿಪೆರಿಡೋನ್‌ನ ಪೂರ್ಣ ಪ್ರಮಾಣ ಕೊಡಬಹುದು. 50ಕ್ಕಿಂತ ಕೆಳಗಿದ್ದರೆ ಈ ಔಷಧವೇ ಬೇಡ. ಸಕ್ಕರೆ, ತೂಕ, ಸೊಂಟದ ಸುತ್ತಳತೆ ಬರೆದಿಟ್ಟುಕೊಳ್ಳಬೇಕು.

ಮುಂದಿನ ಇಂಜೆಕ್ಷನ್‌ಗೆ ಒಂದು ವಾರ ಇರುವಾಗ ರಾತ್ರಿ ರಿಸ್ಪೆರಿಡೋನ್ 1 ಮಿ.ಗ್ರಾಂ, ಎರಡು ದಿನದ ಮೇಲೆ 2 ಮಿ.ಗ್ರಾಂ ಮಾತ್ರೆ ಕೊಡಲಾಗುತ್ತದೆ. ಪಾಲಿಪೆರಿಡೋನ್ ಎಂಬುದು ರಿಸ್ಪೆರಿಡೋನ್‌ನಿಂದ ನಮ್ಮ ಮೈಯೇ ತಯಾರಿಸುವ ವಸ್ತು. ಮಾತ್ರೆ ಒಗ್ಗಿದರೆ ಇಂಜೆಕ್ಷನ್ನೂ ಒಗ್ಗುತ್ತದೆ ಎಂಬ ಲೆಕ್ಕ. ಒಗ್ಗದಿದ್ದರೆ ಮಾತ್ರೆಯನ್ನು ನಾಳೆಯೇ ನಿಲ್ಲಿಸಬಹುದು, ಇಂಜೆಕ್ಷನ್ ಹಾಕಿದ ಮೇಲೆ ಹೊರತೆಗೆಯಲಾಗದು. ಈ ವಾರವನ್ನು ಉಳಿಸಲು ಹೋಗಬಾರದು.

ಫ್ಲೂಫೆನಜಿನ್ ಹಾಕಬೇಕಾಗಿದ್ದ ದಿನವೇ, ಅದರ ಬದಲಿಗೆ, ತೋಳಿಗೆ ಪಾಲಿಪೆರಿಡೋನ್ 75 ಮಿ.ಗ್ರಾಂ. ಅಂದಿನಿಂದ ಮಾತ್ರೆ ನಿಲ್ಲುತ್ತದೆ. ಕೋಷ್ಟಕದಲ್ಲಿ 1ನೇ ಮತ್ತು 8ನೇ ದಿನದ ದೊಡ್ಡ ಪ್ರಮಾಣ ಇದೆಯಲ್ಲ, ಅದು ಇವರಿಗೆ ಏಕೆ ಇಲ್ಲ ಎಂದು ನೀವು ಕೇಳಬಹುದು. ಮಾತ್ರೆಯಿಂದ ಬರುವವರ ಮೈಯಲ್ಲಿ ಉಳಿಕೆ ಇರುವುದಿಲ್ಲ, ಬೇಗ ತುಂಬಬೇಕು. ಇವರ ಸ್ನಾಯುವಿನಲ್ಲಿ ಹಳೆಯ ಎಣ್ಣೆ ಇನ್ನೂ ಕೆಲವು ವಾರ ಔಷಧ ಇಳಿಸುತ್ತಲೇ ಇರುತ್ತದೆ. ಒಂದು ಇಳಿಯುತ್ತ ಇನ್ನೊಂದು ಏರುತ್ತದೆ. ಮೇಲೆ ದೊಡ್ಡ ಪ್ರಮಾಣ ಸೇರಿಸಿದರೆ ಎರಡರ ಭಾರವೂ ಒಟ್ಟಿಗೆ ಬೀಳುತ್ತದೆ. ಇನ್ನು 75 ಏಕೆ? ಈ ಎರಡು ಔಷಧಗಳ ನಡುವೆ ಕರಾರುವಾಕ್ಕಾದ ಲೆಕ್ಕವಿಲ್ಲ. ಇವರಿಗೆ ಹಳೆಯದು ಕಡಿಮೆ ಪ್ರಮಾಣದಲ್ಲೇ ಸಾಕಾಗುತ್ತಿದ್ದುದರಿಂದ 75ರಿಂದ ಶುರು ಮಾಡಿ, ನಾಲ್ಕನೆಯ ಇಂಜೆಕ್ಷನ್ ಹೊತ್ತಿಗೆ ನೋಡಿ ಏರಿಸುವುದೋ ಇಳಿಸುವುದೋ ತೀರ್ಮಾನಿಸಬೇಕು.

ಮೊದಲ ಎರಡು ತಿಂಗಳು ಮನೆಯವರಿಗೆ ತಾಳ್ಮೆ ಬೇಕಾದ ಕಾಲ. ಎರಡೂ ಔಷಧ ಮೈಯಲ್ಲಿರುವುದರಿಂದ ಮಂಪರು, ಎದ್ದು ನಿಂತಾಗ ತಲೆ ಸುತ್ತುವುದು ಇರುತ್ತದೆ. ಬಿಗಿತ ಕೂಡಲೇ ಹೋಗುವುದಿಲ್ಲ. ಹಳೆಯದು ಇಳಿಯುವಾಗ ಬಾಯಿಯ ಚಲನೆ ಕೆಲವು ವಾರ ಹೆಚ್ಚಾದಂತೆ ಕಾಣಬಹುದು. ಇದನ್ನು ಕಂಡು ಹೊಸ ಔಷಧ ಕೆಟ್ಟದ್ದೆಂದು ಬಿಡಬಾರದು. ನಡುಕದ ಮಾತ್ರೆಯನ್ನೂ ಅಂದೇ ಬಿಡುವುದಿಲ್ಲ. ನಾಲ್ಕು ವಾರ ಎರಡು, ಆಮೇಲೆ ನಾಲ್ಕು ವಾರ ಒಂದು, ನಂತರ ಇಲ್ಲ. ನಿಜವಾಗಿ ಎಚ್ಚರದಿಂದಿರಬೇಕಾದದ್ದು ಎರಡರಿಂದ ಆರನೆಯ ತಿಂಗಳವರೆಗೆ, ಹಳೆಯ ಉಳಿಕೆ ತೀರಿ ಹೊಸದರ ಪ್ರಮಾಣ ಸಾಕೋ ಬೇಕೋ ಎಂಬುದು ತಿಳಿಯುವ ಕಾಲ ಅದು. ಮೂರು ರಾತ್ರಿ ನಿದ್ದೆ ಕೆಟ್ಟರೆ ತಾರೀಖಿಗೆ ಕಾಯದೆ ಬರಬೇಕು.

ಇಂಥವರಲ್ಲಿ ಆರು ತಿಂಗಳ ಮೇಲೆ ಏನು ನಿರೀಕ್ಷಿಸಬಹುದು? ಕೈ ಹಗುರಾಗುವುದು, ಎಮ್ಮೆ ಹಿಂಡಲು ಬರುವುದು. ಬಾಯಿಯ ಚಲನೆ ಕಡಿಮೆಯಾಗಬಹುದು, ಪೂರ್ತಿ ಹೋಗಿಯೇ ಹೋಗುತ್ತದೆಂದು ಮಾತು ಕೊಡಲಾಗದು. ಎರಡು ಮೂರು ಕಿಲೋ ತೂಕ ಏರಿದರೆ ಆಶ್ಚರ್ಯವಿಲ್ಲ. ಒಂದು ತೊಂದರೆ ಕೊಟ್ಟು ಇನ್ನೊಂದು ತೊಂದರೆ ಪಡೆದಂತೆ ಎಂದು ಕೆಲವರು ಅನ್ನುತ್ತಾರೆ. ಸ್ವಲ್ಪ ಮಟ್ಟಿಗೆ ಅದು ನಿಜ. ಯಾವ ತೊಂದರೆ ಹೊರಲಾಗುತ್ತದೆ ಎಂಬುದನ್ನು ರೋಗಿಯೇ ಹೇಳಬೇಕು.

ತಿಂಗಳುಗಟ್ಟಲೆ ತಪ್ಪದೆ ಹಾಕಿಸಿಯೂ ಧ್ವನಿಗಳು ನಿಲ್ಲದಿದ್ದರೆ ಒಂದಾದ ಮೇಲೊಂದು ಇಂಜೆಕ್ಷನ್ ಬದಲಿಸುತ್ತ ಹೋಗುವುದರಲ್ಲಿ ಅರ್ಥವಿಲ್ಲ. ಅಂಥವರಿಗೆ ಕ್ಲೋಜಪಿನ್ ಎಂಬ ಮಾತ್ರೆಯ ಬಗ್ಗೆ ವೈದ್ಯರೊಂದಿಗೆ ಮಾತಾಡಿ.

ರೋಗಿಯ ಒಪ್ಪಿಗೆ

"ತಾಕತ್ತಿನ ಇಂಜೆಕ್ಷನ್ ಅಂತ ಹೇಳಿ ಕರಕೊಂಡು ಬಂದೀವಿ, ನೀವೂ ಹಂಗ ಹೇಳ್ರಿ" ಎಂದು ಬೇಡಿಕೊಳ್ಳುವ ತಾಯಂದಿರ ಕಷ್ಟ ನಮಗೆ ಗೊತ್ತು. ಆದರೂ ನಾವು ಹಾಗೆ ಹೇಳುವುದಿಲ್ಲ. ಒಂದು ದಿನ ಆ ಮಗನಿಗೆ ಗೊತ್ತಾಗುತ್ತದೆ, ಆಮೇಲೆ ಅವನು ನಿಮ್ಮ ಕೈಯ ಊಟವನ್ನೂ ನಂಬುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ತೀರ್ಮಾನಿಸುವ ಶಕ್ತಿಯಿರುವ ರೋಗಿಯ ಒಪ್ಪಿಗೆ ಬೇಕೇಬೇಕೆನ್ನುತ್ತದೆ. ಒಪ್ಪದಿದ್ದರೆ ಏಕೆ ಎಂದು ಕೇಳಿ. ಎಷ್ಟೋ ಸಲ ಕಾರಣ ಚಿಕ್ಕದು: ಸೊಂಟದ ಕೆಳಗೆ ಚುಚ್ಚಿಸಿಕೊಳ್ಳಲು ನಾಚಿಕೆ. ತೋಳಿಗೆ ಹಾಕುವ ಔಷಧವೂ ಇದೆ ಎಂದರೆ ಒಪ್ಪುತ್ತಾರೆ.

ತಾರೀಖು ನೆನಪಿಡುವುದು, ತಪ್ಪಿದರೆ ಮಾಡುವುದು

ವಾರಗಳನ್ನು ಸಂತೆಯಿಂದ ಎಣಿಸಿ. ಇಂದಿನ ಸಂತೆ ಬಿಟ್ಟು ಮುಂದಿನದು ಒಂದು. ಮೂರು ವಾರದವರಿಗೆ ಮೂರನೆಯ ಸಂತೆ, ನಾಲ್ಕು ವಾರದವರಿಗೆ ನಾಲ್ಕನೆಯದು. ತಿಂಗಳಿನದನ್ನು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಣಿಸಿದರೂ ನಡೆಯುತ್ತದೆ. ಒಂದೆರಡು ದಿನದ ವ್ಯತ್ಯಾಸ ಬಾಧಕವಲ್ಲ. ತಿಂಗಳ ಪಾಲಿಪೆರಿಡೋನ್‌ಗೆ ಏಳು ದಿನ ಮುಂಚೆ ಅಥವಾ ತಡವಾಗಿ ಹಾಕಲು ಅವಕಾಶವಿದೆ. ಜಾತ್ರೆಯೋ ಮದುವೆಯೋ ಇದ್ದರೆ ಮುಂಚೆಯೇ ಬಂದು ಹಾಕಿಸಿಕೊಳ್ಳಿ.

ಪಾಲಿಪೆರಿಡೋನ್‌ನಲ್ಲಿ ಹಿಂದಿನ ಇಂಜೆಕ್ಷನ್ ಆಗಿ ಆರು ವಾರದೊಳಗೆ ಬಂದರೆ ಅದೇ ಪ್ರಮಾಣ ಮುಂದುವರಿಯುತ್ತದೆ. ಆರು ವಾರ ದಾಟಿ ಆರು ತಿಂಗಳೊಳಗಾದರೆ ತೋಳಿಗೆ ಒಂದು, ಎಂಟನೆಯ ದಿನ ಇನ್ನೊಂದು ಹಾಕಿ ಹಿಂದಿನ ಮಟ್ಟಕ್ಕೆ ತರಬೇಕು. ಆರು ತಿಂಗಳು ದಾಟಿದರೆ ಮೊದಲಿನಿಂದ ಶುರು. ಎಣ್ಣೆಯ ಡಿಪೋಗಳಲ್ಲಿ ಒಂದು ವಾರ ತಪ್ಪಿದ್ದರೆ ಎಂದಿನ ಪ್ರಮಾಣವನ್ನೇ ಹಾಕಿಸಿ. ಅದಕ್ಕಿಂತ ಹೆಚ್ಚಾಗಿದ್ದರೆ ವೈದ್ಯರನ್ನು ಕೇಳಿ. ತಪ್ಪಿದ್ದಕ್ಕೆ ಸೇರಿಸಿ ಎರಡು ಹಾಕಿಸಿಕೊಳ್ಳುವ ಪದ್ಧತಿ ಯಾವುದರಲ್ಲೂ ಇಲ್ಲ.

ಸುಗ್ಗಿ ಮುಗಿದ ಮೇಲೆ ಗೋವಾ, ಪುಣೆ ಕಡೆ ದುಡಿಯಲು ಹೋಗುವವರು ಹೊರಡುವ ಮೊದಲೇ ತಿಳಿಸಿ. ಔಷಧದ ಹೆಸರು, ಪ್ರಮಾಣ, ಕೊನೆಯ ತಾರೀಖು, ಯಾವ ಕಡೆ ಚುಚ್ಚಿದ್ದು, ಇಷ್ಟನ್ನು ಚೀಟಿಯಲ್ಲಿ ಬರೆದು ಕೊಡುತ್ತೇವೆ. ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿ. ಅಲ್ಲಿ ಬೇರೆ ಹೆಸರಿನದು ಹಾಕಿದ್ದರೆ ಆ ಖಾಲಿ ಬಾಟಲಿಯನ್ನು ಎಸೆಯದೆ ತನ್ನಿ. ಒಂದೇ ಹೆಸರಿನ ಮುಂದೆ ಅಸಿಟೇಟ್ ಎಂದಿದ್ದರೆ ಅದು ಎರಡು ಮೂರು ದಿನದ ಔಷಧ, ಡೆಕನೋಯೇಟ್ ಎಂದಿದ್ದರೆ ವಾರಗಟ್ಟಲೆಯದು. ಜುಕ್ಲೋಪೆಂಥಿಕ್ಸಾಲ್‌ನಲ್ಲಿ ಈ ಎರಡೂ ಸಿಗುತ್ತವೆ. ಬಾಟಲಿ ನೋಡದೆ ಮುಂದಿನ ತಾರೀಖು ಬರೆಯಲು ನಮಗೆ ಸಾಧ್ಯವಾಗುವುದಿಲ್ಲ.